ಧರ್ಮಣ್ಣನ ರೌಂಡಿಂಗ್ ಆಫ್

ಧರ್ಮಪಾಲನನ್ನು ನಾವೆಲ್ಲ ಧರ್ಮಣ್ಣ ಅನ್ನುತ್ತಿದ್ದೆವು. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲುಗಳಿಗೆ ಸ್ಟೀಲ್ ಪಾತ್ರೆ ಮಾಡಿ ಮಾರುವ ಕಂಪನಿ, ಅದರ ಹಿರಿಯ ಅಕೌಂಟೆಂಟ್ ಅವನು. ಊರು ಕಾರ್ಕಳದ ಹತ್ತಿರ, ಮನೆ ಡೊಂಬಿವಲಿ, ಬಾಯಿಯಂತೂ ಮೈಕಾಸುರನದ್ದು. ನಾನು ಮಲ್ಲಿಕಾ, ಅವನ ಕೈಕೆಳಗೆ ಬಿಲ್ ಎಂಟ್ರಿ ಮಾಡುತ್ತಿದ್ದವಳು. ಅವನ ಬಡಾಯಿ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಬಡಾಯಿಗಳಲ್ಲಿ ದೊಡ್ಡದು ರೌಂಡಿಂಗ್ ಆಫ್ ಖಾತೆಯದು. ತೆರಿಗೆ ಸೇರಿಸಿದ ಮೇಲೆ ಬಿಲ್ಲಿನ ಕೊನೆಯಲ್ಲಿ ಪೈಸೆಗಳು ಉಳಿಯುತ್ತವಲ್ಲ, ಯಾರಾದರೂ ಮೂವತ್ತೇಳು ಪೈಸೆ ಬಿಡುತ್ತಾರೆ, ಯಾರಾದರೂ ನಲವತ್ತು ಪೈಸೆ ಸೇರಿಸಿ ಪೂರ್ತಿ ರೂಪಾಯಿ ಮಾಡುತ್ತಾರೆ. ಆ ಚಿಲ್ಲರೆ ವ್ಯತ್ಯಾಸಕ್ಕೆ ಒಂದು ಖಾತೆ. ನಾವು ಹೆಚ್ಚು ಕೊಟ್ಟರೆ ಖರ್ಚು, ನಮಗೆ ಹೆಚ್ಚು ಬಂದರೆ ಆದಾಯ. ಬೇರೆ ಕಂಪನಿಗಳಲ್ಲಿ ಅದು ವರ್ಷದ ಕೊನೆಗೆ ಹತ್ತೋ ಇಪ್ಪತ್ತೋ ತೋರಿಸುತ್ತದೆ. ಧರ್ಮಣ್ಣನದು ಪ್ರತಿ ಮಾರ್ಚ್ ಕೊನೆಗೂ ಸರಿಯಾಗಿ ಸೊನ್ನೆ.

"ನೋಡು ಮಾರಾಯ್ತಿ, ಇದಕ್ಕೆ ಕೈಗುಣ ಬೇಕು," ಅನ್ನುತ್ತಿದ್ದ.

ಆ ವರ್ಷ, ಎರಡು ಸಾವಿರದ ಹನ್ನೆರಡು, ಮಾಲೀಕ ಜಯೇಶ್ ಸೇಠ್ ತುರ್ಭೆಯಲ್ಲಿ ಇನ್ನೊಂದು ಆಫೀಸು ತೆರೆಯುವವರಿದ್ದರು. ಅಲ್ಲಿನ ಲೆಕ್ಕಪತ್ರಕ್ಕೆ ಮುಖ್ಯಸ್ಥ ಬೇಕು. ಧರ್ಮಣ್ಣನಿಗೆ ಆ ಕುರ್ಚಿ ಬೇಕೇ ಬೇಕಿತ್ತು, ಸಿಗುತ್ತದೆಂಬ ಖಾತ್ರಿಯೂ ಇತ್ತು. ಆಡಿಟ್ ಮುಗಿಯಲಿ, ಹೇಳುತ್ತೇನೆ ಎಂದಿದ್ದರು ಜಯೇಶ್.

ಆಡಿಟಿಗೆ ಬಂದವರು ನಳಿನಾಕ್ಷಿ ಮೇಡಂ. ಸೊನ್ನೆ ನೋಡಿ ಅವರು ಮೆಚ್ಚಲಿಲ್ಲ, ಹುಬ್ಬೇರಿಸಿದರು. "ಪೈಸೆಗಳು ತಾವಾಗಿ ಹೀಗೆ ಹೊಂದೋದಿಲ್ಲ. ಖಾತೆ ತೆರೀರಿ."

ತೆರೆದೆವು. ಪೈಸೆಗಳ ನಡುವೆ ನೂರೆಂಬತ್ತು ರೂಪಾಯಿ ಖರ್ಚು. ಅದರ ಕೆಳಗೆ ಮತ್ತೊಂದು, ಇನ್ನೊಂದು. ಎದುರಿಗೆ, ಹೋಟೆಲಿನವರು ತಪ್ಪಿ ಹೆಚ್ಚು ಕಟ್ಟಿದ್ದ ಹಣ ಆದಾಯವಾಗಿ ಕೂತಿತ್ತು. ಕೊನೆಗೆ ಉಳಿದ ಚಿಲ್ಲರೆಯನ್ನು ಇತರೆ ಖರ್ಚಿಗೆ ತಳ್ಳಿ ಸೊನ್ನೆ ಮಾಡಲಾಗಿತ್ತು. ಕೈಗುಣವೆಂದರೆ ಇದು! ನನಗೆ ಸಿಟ್ಟು ನೆತ್ತಿಗೇರಿತು.

"ಇದೇನ್ರಿ ಧರ್ಮಣ್ಣಾ, ಮಂದಿ ರೊಕ್ಕ ನಮ್ಮ ಆದಾಯ ಹ್ಯಾಂಗ ಆಗ್ತದ?" ಅಂದೆ.

"ಸಣ್ಣ ಮೊತ್ತ ಅಲ್ವಾ, ಎಲ್ಲಿಯೂ ಹೋಗುದಿಲ್ಲ," ಅಂದ. ಆದರೆ ಅವನ ದನಿ ಇಳಿದಿತ್ತು.

"ಒಂದು ರೂಪಾಯಿ ದಾಟಿದ್ದು ಇಲ್ಲಿಗೆ ಬರಬಾರದು," ಅಂದರು ಮೇಡಂ. "ಈ ನೂರೆಂಬತ್ತು ಯಾಕೆ ಬಂತು, ನೋಡಿದ್ದೀರಾ?"

ಅವನು ನೋಡಿರಲಿಲ್ಲ. ನಮಗೆ ಸ್ಟೀಲ್ ತಗಡು ಕೊಡುವ ವ್ಯಾಪಾರಿಯ ಬಿಲ್ಲು ನಮ್ಮ ಲೆಕ್ಕಕ್ಕಿಂತ ಹೆಚ್ಚು ಬಂದಾಗಲೆಲ್ಲ, ನಮ್ಮ ಆರ್ಡರಿನ ದರಕ್ಕೇ ಖರೀದಿ ಬರೆದು, ಹೆಚ್ಚಿನದನ್ನು ರೌಂಡಿಂಗಿಗೆ ಹಾಕಿ ಬಿಲ್ ತಾಳೆ ಮಾಡಿಬಿಟ್ಟಿದ್ದ. ಮಧ್ಯಾಹ್ನದ ಊಟ ಬಿಟ್ಟು ಬಿಲ್ಲುಗಳನ್ನೂ ಆರ್ಡರುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ. ದೀಪಾವಳಿಯಿಂದ ಆ ವ್ಯಾಪಾರಿ ಕಿಲೋಗೆ ಒಂದೂವರೆ ರೂಪಾಯಿ ಹೆಚ್ಚು ಹಾಕುತ್ತಿದ್ದ. ಫೋನ್ ಮಾಡಿದರೆ ಅವನು, ನೀವು ಒಂದು ಬಿಲ್ಲಿಗೂ ತಕರಾರು ಮಾಡಲಿಲ್ಲ, ಹೊಸ ದರ ಒಪ್ಪಿದಿರೆಂದುಕೊಂಡೆ ಎಂದ. ಧರ್ಮಣ್ಣ ಹಿಂದಿಯಲ್ಲಿ ಅವನ ಬೆವರಿಳಿಸಿ, ಹೆಚ್ಚು ಹಾಕಿದ್ದನ್ನು ವಜಾ ಮಾಡುವ ಕ್ರೆಡಿಟ್ ನೋಟನ್ನು ಸಂಜೆಯೊಳಗೆ ಕಳಿಸಲು ಒಪ್ಪಿಸಿದ. ಹೋಟೆಲುಗಳ ಹಣವನ್ನು ಅವರವರ ಖಾತೆಗೆ ವಾಪಸ್ ಬರೆಸಿದ. ಇತರೆ ಖರ್ಚಿಗೆ ತಳ್ಳಿದ್ದೂ ವಾಪಸ್ ಬಂತು. ರೌಂಡಿಂಗ್ ಆಫ್‌ನಲ್ಲಿ ಉಳಿದದ್ದು ಹದಿನಾಲ್ಕು ರೂಪಾಯಿ ಚಿಲ್ಲರೆ ಖರ್ಚು.

ಸಂಜೆ ಕ್ರೆಡಿಟ್ ನೋಟ್ ಬಂದ ಮೇಲೆ ಶರ್ಟಿನ ಕಾಲರ್ ಸರಿಮಾಡಿಕೊಂಡು ಎದ್ದ. "ಬಾ, ಸೇಠರ ಹತ್ರ ಹೋಗುವ. ಮೇಡಂ ಬರೆಯುವ ಮೊದಲು ನಾನೇ ಹೇಳ್ತೇನೆ."

ಕುರ್ಚಿ ಹೋಯಿತು ಅಂತ ನಾನು ಒಳಗೇ ಅಂದುಕೊಂಡೆ. ಪಾಪ ಅನ್ನಿಸಿತು, ಸುಳ್ಳು ಹೇಳಲಾರೆ.

ಅವನು ಒಂದೂ ಮುಚ್ಚಿಡದೆ ಹೇಳಿದ. ಜಯೇಶ್ ಕ್ರೆಡಿಟ್ ನೋಟಿನ ಮೊತ್ತ ನೋಡಿ ನಕ್ಕರು. "ಇಷ್ಟೇನಾ ಧರ್ಮಣ್ಣ? ಬಿಡಿ."

"ಬಿಡುದು ಎಂತಕ್ಕೆ ಸೇಠ್? ಸೊನ್ನೆಯ ಹುಚ್ಚಿಗೆ ನಾನು ಬಿಲ್ಲು ನೋಡುದನ್ನೇ ಬಿಟ್ಟಿದ್ದೆ. ಕಿಲೋಗೆ ಹತ್ತು ಹೆಚ್ಚಿದ್ರೂ ಹಾಗೆಯೇ ಮುಚ್ತಿದ್ದೆನೋ ಏನೋ."

"ಇದು ಆಡಿಟ್ ವರದಿಯಲ್ಲಿ ಬರ್ತದೆ, ಗೊತ್ತುಂಟಲ್ಲ?"

"ಬರ್ಲಿ, ನನ್ನ ಹೆಸರು ಸಮೇತ ಬರ್ಲಿ. ಆದ್ರೂ ತುರ್ಭೆ ನನಗೇ ಬೇಕು. ನಿನ್ನೆ ಕೊಟ್ಟಿದ್ರೆ ತಪ್ಪು ಮನುಷ್ಯನಿಗೆ ಕೊಡ್ತಿದ್ರಿ. ಇವತ್ತು ಕೊಡಿ."

ಎಂಥ ಧೈರ್ಯ ಇವನದು!

ಜಯೇಶ್ ಕ್ರೆಡಿಟ್ ನೋಟನ್ನು ಅವನ ಕೈಗೆ ವಾಪಸ್ ಕೊಟ್ಟರು. "ಸೋಮವಾರದಿಂದ ತುರ್ಭೆಗೆ ಹೋಗಿ," ಅಂದರು.

ಮೈಕಾಸುರ ಧರ್ಮಣ್ಣ ಈ ಸಲ ಬಡಾಯಿ ಕೊಚ್ಚದೆ ಕೈ ಮುಗಿದ. ಮುಖ ತೊಳೆಯುವ ನೆಪ ಹೇಳಿ ಹೊರಗೆ ನಡೆದ.