‘ಕಾಂಬ’ ಎಂದದ್ದನ್ನು ಒಪ್ಪಿಗೆ ಎಂದು ಬರೆಯಲಿಲ್ಲ

ಹಾಲಾಡಿ ಕಡೆಯ ಗೇರುಬೀಜ ಕಾರ್ಖಾನೆಯಲ್ಲಿ ನಾನು ಬೀಜ ವಿಂಗಡಿಸುತ್ತಿದ್ದೆ. ಅಕ್ಕ ಸಿಪ್ಪೆ ತೆಗೆಯುವ ವಿಭಾಗದಲ್ಲಿದ್ದಳು. ಭಾವ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಅದೊಂದೇ ಆಸರೆ. ಸಿಪ್ಪೆ ತೆಗೆಯುವ ಯಂತ್ರ ಬರುತ್ತದೆ ಎಂದು ತಿಳಿದಾಗ ಆ ವಿಭಾಗದ ಹೆಂಗಸರಿಗೆ ಬೇರೆ ಕೆಲಸ, ಎಲ್ಲರಿಗೂ ಹೆಚ್ಚಿನ ಬೋನಸ್ ಕೇಳಲು ನಮ್ಮ ಯೂನಿಯನ್ ಆಡಳಿತದವರನ್ನು ಮಾತುಕತೆಗೆ ಕರೆಯಿತು. ಕಾರ್ಯದರ್ಶಿಯಾಗಿದ್ದ ನಾನು ಎರಡೂ ಕಡೆಯವರ ಒಪ್ಪಿಗೆ ಪಡೆದು ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದರ ಸಾರಾಂಶ ಬರೆದು ಸದಸ್ಯರಿಗೆ ಓದಿ ಹೇಳಬೇಕಿತ್ತು.

ಮಾತುಕತೆ ಮುಗಿಸಿ ನಾವು ಮ್ಯಾನೇಜರರ ಕಚೇರಿಯಿಂದ ಹೊರಗೆ ಬರುವಷ್ಟರಲ್ಲಿ ಸುದ್ದಿ ಗೇಟು ಮುಟ್ಟಿತ್ತು. ಅಕ್ಕ ಓಡಿಬಂದು ನನ್ನ ಕೈ ಹಿಡಿದಳು.

"ನಮ್ಮನ್ ನಿಮ್ಮ ವಿಭಾಗಕ್ಕೆ ಹಾಕ್ತ್ರಂಬ್ರ್, ಹೌದನೇ?"

ಸಿಪ್ಪೆಯವರನ್ನು ವಿಂಗಡಣೆಗೆ ಹಾಕುತ್ತಾರೆ ಎಂದೇ ನನಗೂ ಕೇಳಿಸಿತ್ತು. ಹೌದೆಂದೆ. ಭಾವ ಹೋದ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಯೂನಿಯನ್ ಕೋಣೆಯಲ್ಲಿ ಅಧ್ಯಕ್ಷರ ಜೊತೆ ಕೂತು ರೆಕಾರ್ಡ್ ಕೇಳಿದೆ. ಬೋನಸ್ಸಿನ ಮಾತು ಸ್ಪಷ್ಟವಾಗಿತ್ತು. ಸಿಪ್ಪೆ ತೆಗೆಯುವ ಹೆಂಗಸರ ವಿಷಯ ಬಂದಾಗ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಕಾಂಬ, ಮೇಲಿನೋರ್ ಹತ್ರ ಕೇಂಡ್ ಹೇಳ್ತೆ."

ನೋಡೋಣ, ಕೇಳಿ ಹೇಳುತ್ತೇನೆ. ಅಷ್ಟು ಬಿಟ್ಟರೆ ಇನ್ನೇನೂ ಇರಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ಮತ್ತೆ ಕೇಳಿದೆ.

ವಯಸ್ಸಾದ ಅಧ್ಯಕ್ಷರು ಕನ್ನಡಕ ತೆಗೆದರು. "ಒಪ್ಪಿರ್ ಅಂದೇ ಬರಿ ಮಗಳೇ. ಇಲ್ದಿರೆ ಹೆಂಗಸ್ರ್ ಕುಸ್ದ್ ಹೋತ್ರ್."

"ಒಪ್ಲಿಲ್ಲ ಅಲ್ದಾ? ನಾಳೆ ಅವ್ರ್ ಇಲ್ಲ ಅಂದ್ರೆ ನಾವ್ ಎಂತ ಹೇಳೂದ್?"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಹಂಗಾರೆ ಇದ್ದಾಂಗೇ ಬರಿ."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಬಳಿ ನಿಂತು ಓದಿದೆ. ಬೋನಸ್: ನಾವು ಕೇಳಿದಷ್ಟಕ್ಕೆ ಒಪ್ಪಿಲ್ಲ, ಕಳೆದ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತೇವೆ ಎಂದಿದ್ದಾರೆ, ನಾವು ಇನ್ನೂ ಉತ್ತರ ಕೊಟ್ಟಿಲ್ಲ. ಸಿಪ್ಪೆ ವಿಭಾಗದವರಿಗೆ ಬೇರೆ ಕೆಲಸ: ಬೇಡಿಕೆ ಇಟ್ಟಿದ್ದೇವೆ, ಆಡಳಿತದಿಂದ ಯಾವ ಭರವಸೆಯೂ ಇಲ್ಲ, ಮೇಲಿನವರನ್ನು ಕೇಳಿ ತಿಳಿಸುತ್ತಾರೆ. ಮುಂದಿನ ಸಭೆ: ಬರುವ ಸೋಮವಾರ, ಅದೇ ಮ್ಯಾನೇಜರರ ಕಚೇರಿಯಲ್ಲಿ; ಅವರ ಉತ್ತರ ಅಂದು ಸಿಗಬೇಕು.

ಎರಡನೆಯದನ್ನು ಹಾಳೆಯಿಂದ ಕಣ್ಣೆತ್ತದೆ ಓದಿದೆ. ಅಕ್ಕ ಮುಂದಿನ ಸಾಲಿನಲ್ಲೇ ಇದ್ದಳು.

"ನಿನ್ನೆ ನೀನೇ ಹೌದಂದ್ಯಲೇ," ಎಂದಳು, ಮೆಲ್ಲಗೆ. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬುತ್ತಿ ಮುಚ್ಚಿ ಒಳಗೆ ಹೋದಳು.

ಸೋಮವಾರ ಅವರ ಉತ್ತರ ಬಂತು: ಬೇರೆ ಕೆಲಸ ಇಲ್ಲ, ಕಾನೂನಿನಂತೆ ಪರಿಹಾರ ಮಾತ್ರ. ಅದನ್ನೂ ನಾನೇ ಬರೆದು ಓದಿದೆ. ಯೂನಿಯನ್ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. ಅದು ಇನ್ನೂ ನಡೆಯುತ್ತಿದೆ. ಅಕ್ಕ ಕಾಯಲಿಲ್ಲ. ಈಗ ಗಂಗೊಳ್ಳಿಯಲ್ಲಿ ಮೀನು ಕೊಯ್ಯುವ ಕೆಲಸಕ್ಕೆ ಹೋಗುತ್ತಾಳೆ. ಮನೆಗೆ ಬಂದರೆ ಮಕ್ಕಳ ವಿಷಯ, ಅಡುಗೆಯ ವಿಷಯ ಎಲ್ಲ ಮಾತಾಡುತ್ತಾಳೆ. ಕಾರ್ಖಾನೆಯ ಸುದ್ದಿಯನ್ನು ಮಾತ್ರ ಒಮ್ಮೆಯೂ ಕೇಳಿಲ್ಲ.