ನಾಲ್ಕನೇ ಪ್ರತಿ

ನಮ್ಮ ಗೋದಾಮಿನಲ್ಲಿ ನಲ್ಲಿ, ಪೈಪು, ಪೈಪಿನ ತಿರುವಿಗೆ ಹಾಕುವ ಎಲ್ಬೋಗಳ ಸಗಟು ವ್ಯಾಪಾರ. ಅಲ್ಲಿ ಪ್ಯಾಕಿಂಗ್ ಮೇಜಿನ ಹಿಂದೆ ಹದಿನಾರು ವರ್ಷ ನಿಂತವಳು ನಾನು. ಆದರೆ ಹೇಳಬೇಕಾದದ್ದು ನನ್ನ ಕಥೆಯಲ್ಲ, ಬಿಲ್ಲಕ್ಕನದು. ಅವಳ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಬಿಲ್ಲು ಹೊಡೆಯುವವಳು, ಎಲ್ಲರಿಗಿಂತ ಹಿರಿಯಳು, ಹಾಗಾಗಿ ಬಿಲ್ಲಕ್ಕ. ಅವಳ ಗಂಡ ಅದೇ ಗೋದಾಮಿನ ಗೇಟು ಕಾಯುತ್ತಿದ್ದ. ಅಕ್ಕನ ಗಂಡನಾದ್ದರಿಂದ ನಮಗೆಲ್ಲ ಅವನು ಭಾವ.

ಬಿಲ್ಲಕ್ಕನ ಮೇಜಿನ ಮೇಲೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದರ ತಲೆಯಲ್ಲಿರುವ ಸಣ್ಣ ಸೂಜಿಗಳು ರಿಬ್ಬನ್ನಿನ ಮೇಲೆ ಟರ್ರೆಂದು ಕುಟ್ಟಿದರೆ ಮೇಲಿನ ಬಿಳಿ ಹಾಳೆಗೆ ಮಸಿ ಹತ್ತುತ್ತದೆ. ಅದೇ ಏಟು ಕೆಳಗಿನ ಕಾರ್ಬನ್ನುಗಳನ್ನು ದಾಟಿ ಉಳಿದ ಮೂರು ಹಾಳೆಗಳಲ್ಲೂ ಮೂಡುತ್ತದೆ. ಬಿಳಿ ಗಿರಾಕಿಗೆ, ಗುಲಾಬಿ ಲಾರಿಯವನಿಗೆ, ಹಳದಿ ಕಡತಕ್ಕೆ. ನಾಲ್ಕನೆಯದು, ಎಲ್ಲಕ್ಕಿಂತ ಕೆಳಗಿನ ಹಸಿರು ಹಾಳೆ, ಗೇಟಿಗೆ.

ಆ ಯಂತ್ರವನ್ನು ಅವಳು ನೋಡಿಕೊಳ್ಳುತ್ತಿದ್ದ ಪರಿಯನ್ನು ಕಂಡು ಭಾವನೇ ಹೊಟ್ಟೆ ಉರಿದುಕೊಳ್ಳುತ್ತಿದ್ದ. ಬೆಳಿಗ್ಗೆ ಬಂದವಳೇ ರಿಬ್ಬನ್ ಡಬ್ಬಿಯ ಗುಂಡಿ ತಿರುಗಿಸಿ ಸಡಿಲವಾದ ಪಟ್ಟಿಯನ್ನು ಬಿಗಿ ಮಾಡುವಳು. ಅಂಚಿನಲ್ಲಿ ನೂಲು ಎದ್ದರೆ ಅವತ್ತೇ ಹೊಸದು ಹಾಕುವಳು, ಇಲ್ಲದಿದ್ದರೆ ಸೂಜಿ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಒಮ್ಮೆ ಯಜಮಾನರು ಉಳಿತಾಯದ ಹುಮ್ಮಸ್ಸಿನಲ್ಲಿ, ಒಣಗಿದ ರಿಬ್ಬನ್ನಿಗೆ ರಬ್ಬರ್ ಮೊಹರಿನ ಮಸಿ ಸುರಿಯಲು ಹೋಗಿದ್ದರು. ‘ಆ ಮಸಿ ಒಣಗಿ ಸೂಜಿಗಳನ್ನೇ ಹಿಡ್ಕೊಳ್ಳುತ್ತೆ. ಇದರದು ಬೇರೆ ಎಣ್ಣೆ ಮಸಿ. ಮೊದಲು ನನ್ನ ಕೈ ಮೇಲೆ ಸುರೀರಿ’ ಎಂದು ಅಡ್ಡ ನಿಂತಳು. ಯಜಮಾನರು ಬಾಟಲಿ ಮುಚ್ಚಿ ಒಳಗೆ ಹೋದರು.

ಭಾವನ ಹಠ ಬೇರೆ ಬಗೆಯದು. ಹಸಿರು ಹಾಳೆಯನ್ನು ಸಾಲು ಸಾಲಾಗಿ ಓದಿ, ಲಾರಿಯಲ್ಲಿ ಎಣಿಸಿ, ಆಮೇಲೆ ಗೇಟು ತೆಗೆಯುವನು. ಓದಲಾಗದಿದ್ದರೆ ಗೇಟು ಇಲ್ಲ. ದೇವರೇ ಇಳಿದು ಬಂದರೂ ಹಸಿರು ಹಾಳೆ ಕೇಳುವ ಆಸಾಮಿ.

ಎಂಟು ತಿಂಗಳ ಹಿಂದೆ ಕಾರ್ಬನ್ ಸರಿಯಿಲ್ಲದ ಒಂದು ಪೆಟ್ಟಿಗೆ ಕಾಗದ ಬಂತು. ನಾಲ್ಕನೇ ಪ್ರತಿ ಮಸುಕಾಯಿತು. ಪ್ರಿಂಟರಿನ ಪಕ್ಕದಲ್ಲಿ ಸೊನ್ನೆಯಿಂದ ಏಳರವರೆಗೆ ಅಂಕಿ ಇರುವ ಒಂದು ಪುಟ್ಟ ಹಿಡಿ ಇದೆ. ಒಂಟಿ ಹಾಳೆಗೆ ಸೊನ್ನೆ, ನಾಲ್ಕು ಪದರಕ್ಕೆ ಮೂರು ಎಂದು ಬಿಲ್ಲಕ್ಕ ಇಪ್ಪತ್ತೆರಡು ವರ್ಷದಿಂದ ಇಡುತ್ತಿದ್ದಳು. ಅದು ಏಟಿನ ಜೋರು ಹೆಚ್ಚಿಸುವ ಹಿಡಿ ಎಂಬುದು ಅವಳ ನಂಬಿಕೆ. ದಪ್ಪ ಕಾಗದಕ್ಕೆ ದೊಡ್ಡ ಏಟು, ಇದರಲ್ಲಿ ಅನುಮಾನವೇನು? ಮೂರನ್ನು ನಾಲ್ಕು ಮಾಡಿದಳು. ಭಾವ ಗೇಟಿನಿಂದ ಹಾಳೆ ವಾಪಸು ಕಳಿಸಿದ. ಐದು ಮಾಡಿದಳು. ಮತ್ತೆ ವಾಪಸು. ಹೊಸ ರಿಬ್ಬನ್ ಹಾಕಿದಳು. ಬಿಳಿ ಹಾಳೆ ಕಾಡಿಗೆ ತೀಡಿದ ಹಾಗೆ ಮಿಂಚಿತು, ಹಸಿರು ಹಾಗೇ ಉಳಿಯಿತು. ಕೆಟ್ಟ ಪೆಟ್ಟಿಗೆ ಮುಗಿದು ಒಳ್ಳೆಯ ಕಾಗದ ಬಂದರೂ ದೂರು ನಿಲ್ಲಲಿಲ್ಲ. ಆರು, ಆಮೇಲೆ ಏಳು.

‘ಇಷ್ಟು ಜೋರಾಗಿ ಹೊಡೆಸಿದ್ರೂ ಕಾಣಲ್ಲ ಅಂತಾರೆ. ಯಂತ್ರದ್ದಲ್ಲ ದೋಷ, ನಮ್ಮನೆಯವರ ಕಣ್ಣಿಂದು’ ಎಂದು ಒಂದು ದಿನ ಎಲ್ಲರೆದುರಿಗೆ ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಯಜಮಾನರ ಕಿವಿಗೂ ಬಿತ್ತು.

ಮಸುಕು ಅಕ್ಷರಗಳನ್ನು ಭಾವ ಬಿಸಿಲಿಗೆ ಹಿಡಿದು ಬಿಡಿಸಿ ಓದುವಷ್ಟು ಕಾಲ ಹೇಗೋ ನಡೆದಿತ್ತು, ಈಗ ಅದೂ ನಿಂತು ಗೇಟಿನಲ್ಲಿ ಲಾರಿಗಳು ಸಾಲುಗಟ್ಟುತ್ತಿದ್ದವು. ಯಜಮಾನರು ಕನ್ನಡಕದಂಗಡಿಯವನನ್ನು ಗೋದಾಮಿಗೇ ಕರೆಸಿದರು. ಅವನು ಅಕ್ಷರಗಳ ಪಟ್ಟಿಯನ್ನು ಗೇಟಿಗೆ ನೇತುಹಾಕಿದ. ಭಾವ ಕೊನೆಯ ಸಾಲನ್ನೂ ಓದಿ, ಅದರ ಕೆಳಗೆ ಇರುವೆಯಷ್ಟಿದ್ದ ಪ್ರೆಸ್ಸಿನ ವಿಳಾಸವನ್ನೂ ಓದಿದ. ಹತ್ತಿರದ ಸಣ್ಣಕ್ಷರದ ಕಾರ್ಡು ಕೊಟ್ಟರೆ ಅದನ್ನೂ ಓದಿದ. ಆಮೇಲೆ ಯಜಮಾನರು ಹಸಿರು ಹಾಳೆ ಕೊಟ್ಟರು.

‘ಇದರಲ್ಲಿ ಏನೂ ಇಲ್ಲ ಸಾರ್’ ಅಂದ ಭಾವ.

‘ಏನೂ ಇಲ್ವಾ? ಮುಕ್ಕಾಲಿಂಚು ಎಲ್ಬೋ ನಲವತ್ತು, ಅರ್ಧ ಇಂಚಿನ ನಲ್ಲಿ ಹನ್ನೆರಡು’ ಎಂದು ಯಜಮಾನರು ಹಾಳೆ ನೋಡುತ್ತಾ ಗಡಗಡ ಓದಿದರು. ಆರ್ಡರು ಅವರೇ ಬೆಳಿಗ್ಗೆ ಫೋನಿನಲ್ಲಿ ಬರೆದುಕೊಂಡಿದ್ದರು. ಗುಮಾಸ್ತ ಓದಿದ. ಲಾರಿಯವನು ಓದಿದ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನೂ ಓದಿದೆ. ಆ ನಲವತ್ತು ಎಲ್ಬೋ ಕಟ್ಟಿದ್ದು ನಾನೇ. ಕೊನೆಗೆ ಕನ್ನಡಕದವನು ಕೂಡ, ‘ಹೌದೌದು, ನಲವತ್ತು’ ಅಂದ. ಖಾಲಿ ಹಾಳೆಯನ್ನು ಐದು ಜನ ಓದಿದೆವು, ಓದದವನು ಕುರುಡನಾದ.

ಶನಿವಾರ ಸಂಜೆಯಿಂದ ಬೇರೆಯವನು ಬರುತ್ತಾನೆ ಎಂದು ಯಜಮಾನರು ತೀರ್ಮಾನ ಕೊಟ್ಟರು.

ಶನಿವಾರ ಸಂಜೆ ಭಾವ ಬೀಗದ ಕೈ ಒಪ್ಪಿಸಿದ, ಕುರ್ಚಿಯಿಂದ ಮಾತ್ರ ಏಳಲಿಲ್ಲ.

‘ಮನೆಗೆ ಹೋಗಯ್ಯ’ ಅಂದರು ಯಜಮಾನರು.

‘ಇಪ್ಪತ್ತೆರಡು ವರ್ಷ ಹಸಿರು ಹಾಳೆ ಇಲ್ದೆ ಈ ಗೋದಾಮಿಂದು ಒಂದು ವಾಷರ್ರೂ ಹೊರಗೆ ಬಿಟ್ಟಿಲ್ಲ ಸಾರ್. ಈಗ ನಾನೇ ಹಂಗೆ ಹೋದ್ರೆ ಹೆಂಗೆ? ನನ್ನ ಬಿಲ್ ಬರ್ಲಿ.’

‘ದಿನಾ ಸಂಜೆ ಹೋಗ್ತಿರ್ಲಿಲ್ವಾ?’

‘ಅದು ವಾಪಸು ಬರೋ ಮಾಲು.’

ಯಜಮಾನರು ತಲೆ ಚಚ್ಚಿಕೊಂಡು, ಬಿಲ್ಲು ಹೊಡೆಯಲು ಬಿಲ್ಲಕ್ಕನಿಗೇ ಹೇಳಿದರು. ಸರಕು: ಗೇಟಿನವನು. ಪ್ರಮಾಣ: ಒಂದು. ಅವಳು ಮುಖ ಗಂಟಿಕ್ಕಿಕೊಂಡು ಹೊಡೆದಳು. ಭಾವ ಹಸಿರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ, ವಾಪಸು ಕೊಟ್ಟ. ‘ಕಾಣಲ್ಲ. ಬಿಡಕ್ಕೆ ಬರಲ್ಲ.’ ಇನ್ನೊಂದು ಹೊಡೆದಳು. ಅದೂ ವಾಪಸು. ಹೊಸ ಗೇಟಿನವನು ಪಾಪ, ನಿಂತೇ ಇದ್ದ, ಕುರ್ಚಿ ಖಾಲಿಯಿರಲಿಲ್ಲ.

ಬಿಲ್ಲಕ್ಕನಿಗೆ ರೇಗಿತು. ಏಳರಿಂದಾಚೆ ನೂಕಲು ಹೋದಳು, ಹಿಡಿ ಅಲ್ಲಾಡಲಿಲ್ಲ. ಸ್ವಿಚ್ಚು ಆರಿಸಿ, ಮುಚ್ಚಳ ತೆಗೆದು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಬಗ್ಗಿ ನೋಡುತ್ತಾ ಹಿಡಿಯನ್ನು ಹಿಂದೆ ಮುಂದೆ ಆಡಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಅಂಕಿ ಇಳಿದರೆ ಸೂಜಿಗಳ ತಲೆ ರಬ್ಬರು ಉರುಳೆಯ ಹತ್ತಿರ ಬರುತ್ತಿತ್ತು, ಅಂಕಿ ಏರಿದರೆ ದೂರ ಸರಿಯುತ್ತಿತ್ತು. ದಪ್ಪ ಕಾಗದಕ್ಕೆ ಜಾಗ ಬಿಡುವ ಹಿಡಿ ಅದು, ಏಟಿನದಲ್ಲ. ಎಂಟು ತಿಂಗಳಿಂದ ಅವಳು ಜೋರು ಮಾಡಿದಷ್ಟೂ ಯಂತ್ರ ಹಿಂದೆ ಹಿಂದೆ ಹೋಗಿ, ದೂರದಿಂದ ಕೈ ಚಾಚಿ ಹೊಡೆಯುತ್ತಿತ್ತು.

ಅವಳು ಮುಚ್ಚಳ ಹಾಕಿದಳು. ಸ್ವಿಚ್ಚು ಹಾಕಿ ಒಂದಕ್ಕೆ ಇಟ್ಟು ಹೊಡೆದಳು, ರಿಬ್ಬನ್ ಉಜ್ಜಿ ಬಿಳಿ ಹಾಳೆಯೆಲ್ಲ ಮಸಿಯಾಯಿತು. ಮೂರಕ್ಕೆ ಇಟ್ಟಳು. ಹಸಿರು ಹಾಳೆಯಲ್ಲಿ ಅಕ್ಷರಗಳು ಅಚ್ಚೊತ್ತಿ ನಿಂತವು: ಗೇಟಿನವನು, ಒಂದು. ಇದನ್ನು ಕೊಟ್ಟರೆ ಗಂಡ ಓದುತ್ತಾನೆ, ಓದಿದರೆ ಎದ್ದು ಹೋಗುತ್ತಾನೆ. ನಾನು ಪಿಸುಗುಟ್ಟಿದೆ, ‘ಸುಮ್ನೆ ಏಳಕ್ಕೇ ಇಟ್ಬಿಡಕ್ಕ. ಕಾಣದಿದ್ರೆ ಕೂತೇ ಇರ್ತಾರೆ.’ ನನ್ನ ಬುದ್ಧಿ ಅಷ್ಟೇ.

ಬಿಲ್ಲಕ್ಕ ಆ ಹಾಳೆಗಳನ್ನು ಹರಿದುಹಾಕಿ ಹೊಸದಾಗಿ ಟೈಪು ಮಾಡಿದಳು. ಯಂತ್ರ ಟರ್ರೆಂದಿತು. ಬಿಳಿಯನ್ನು ಯಜಮಾನರ ಕೈಗೆ ಕೊಟ್ಟು, ಹಸಿರನ್ನು ತಾನೇ ಗೇಟಿಗೆ ಒಯ್ದಳು. ಭಾವ ಎಂದಿನಂತೆ ಸಾಲು ಸಾಲಾಗಿ, ಬೆರಳಿಟ್ಟು, ಜೋರಾಗಿ ಓದಿದ.

‘ಸರಕು: ಬಿಲ್ಲು ಹೊಡೆಯುವವಳ ತಪ್ಪು. ಪ್ರಮಾಣ: ಎಂಟು ತಿಂಗಳು. ಷರಾ: ಗೇಟಿನವರ ಕಣ್ಣು ಸರಿ ಇದೆ. ಹೊರಗೆ ಹೋಗಬೇಕಾದವಳು ನಾನು.’

ಯಜಮಾನರು ಬಿಳಿ ಹಾಳೆ ಹಿಡಿದು, ಖಾಲಿ ಕಾಗದ ಓದಿದ ತಮ್ಮ ಬಾಯಿಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ನಿಂತಿದ್ದರು. ಹೊಸಬ ಬೀಗದ ಕೈಯನ್ನು ಮೆಲ್ಲಗೆ ಭಾವನ ತೊಡೆಯ ಮೇಲಿಟ್ಟ.

‘ಇದಕ್ಕೆ ಯಜಮಾನರ ಸಹಿ ಇಲ್ಲ. ಬಿಡಕ್ಕೆ ಬರಲ್ಲ, ಒಳಗೆ ನಡಿ’ ಅಂದ ಭಾವ. ಅವಳು ತಿರುಗಲಿಲ್ಲ. ‘ಬೈಯ್ರೀ’ ಅಂದಳು. ಅವನು ಹಸಿರು ಹಾಳೆಯನ್ನು ಇನ್ನೊಮ್ಮೆ ಕಣ್ಣಿನ ಹತ್ತಿರ ತಂದ.

‘ನೀನು ಹೇಳ್ದೆ ಅಂತ ನಾನೂ ನಂಬಿದ್ದೆ ಕಣೇ. ದಿನಾ ಬೆಳಿಗ್ಗೆ ಎದ್ದು, ಇನ್ನೂ ನಿನ್ನ ಮುಖ ಕಾಣುತ್ತಾ ಅಂತ ಮೊದಲು ನೋಡ್ಕೊತಿದ್ದೆ’ ಅಂದ.