ಶ್ರೀ ಇಲ್ಲದ ಸಹಿ

ಚೀನಿಯರಿಗೆ ಮೇಲ್ ಬರೆಯುವುದರಲ್ಲಿ ಕೊಳ್ಳೇಗಾಲದಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೀಗೆ ಹೇಳಿದರೆ ಜಂಬ ಅನ್ನುತ್ತಾರೆ, ಅನ್ನಲಿ. ಆ ಕೆಲಸ ಮಾಡುವವಳು ಊರಿಗೆಲ್ಲ ಬಹುಶಃ ನಾನೊಬ್ಬಳೇ, ಅದೂ ನಿಜವೇ. ಮೈಸೂರಿನಲ್ಲಿ ಚೀನೀ ಭಾಷೆಯ ಡಿಪ್ಲೊಮಾ ಮುಗಿಸಿ ಬಂದಾಗ ಮುಳ್ಳೂರಿನ ನಮ್ಮ ಬೀದಿಯವರು, "ಅದ ಕಲ್ತು ಯಾರ್ ಜೊತೆ ಮಾತಾಡೀಯೆ ಕೂಸೇ, ನಿಮ್ಮಟ್ಟಿ ಎಮ್ಮೆ ಜೊತೇಲಾ?" ಎಂದು ಹಲ್ಲು ಬಿಟ್ಟಿದ್ದರು. ಎಮ್ಮೆಯ ಜೊತೆ ಅಲ್ಲ, ಕಲ್ಲಿನ ಜೊತೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಹನೂರಿನ ಕಡೆ ನಮ್ಮ ಯಜಮಾನರದ್ದೊಂದು ಕರಿಕಲ್ಲಿನ ಕ್ವಾರಿ ಇದೆ. ಯಜಮಾನರು ಯಳಂದೂರಿನ ಕಡೆಯ ಜಮೀನ್ದಾರರು, ಹಣೆತುಂಬ ವಿಭೂತಿ, ಮೂಗಿನ ತುದಿಯಲ್ಲೇ ಸಿಟ್ಟು. ಅವರ ಕಲ್ಲು ದೊಡ್ಡ ದೊಡ್ಡ ಬ್ಲಾಕುಗಳಾಗಿ ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ, ಅಲ್ಲಿ ಹೋಳಾಗಿ ಪಾಲಿಶ್ ಆಗುತ್ತದೆ. ಕೊಳ್ಳೇಗಾಲದ ಆಫೀಸಿನಲ್ಲಿ ನನಗೊಂದು ಕುರ್ಚಿ ಕೊಟ್ಟಿದ್ದರು. ಕೊಟ್ಟಿದ್ದರು ಅಂದರೆ, ಕೂತು ನೋಡು ಅಂತ ಅಷ್ಟೆ. ಮೇಲ್ ವ್ಯವಹಾರವೆಲ್ಲ ಚೆನ್ನೈನ ಏಜೆಂಟನ ಕೈಯಲ್ಲೇ ಇತ್ತು, ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

ಒಂದು ಸಲ ಚೀನಾ ಕಂಪನಿಯ ಇನ್ಸ್‌ಪೆಕ್ಟರ್, ಕಲ್ಲು ಆರಿಸಿ ಗುರುತು ಹಾಕುವ ಮಾರ್ಕಿಂಗಿಗೆ ಬಂದವನು, ಬ್ಲಾಕುಗಳ ಮೇಲೆ ನೀರು ಹುಯ್ದು, ಟಾರ್ಚು ಬಿಟ್ಟು ನೋಡಿ, ಒಂದು ಸಾಲಿಗೆ ಸಾಲೇ ಕೆಂಪು ಬಣ್ಣದಲ್ಲಿ ಇಂಟು ಮಾರ್ಕು ಹಾಕಿ ಹೋದ. ಬಿಳಿಗೆರೆ ಇದೆಯಂತೆ. ಯಜಮಾನರು ಕೆಂಡವಾದರು. "ಗೆರೆ ಎಲ್ ಅದೆ ಸಿವನೆ! ಕುಯ್ವಾಗ ಮೆತ್ಗಂಡ ಕಲ್ಲುಪುಡಿ ನೀರು ಒಣಗ್ಕಂಡದೆ ಅಷ್ಟೇಯ. ಉಜ್ಜುದ್ರೆ ಓಯ್ತದೆ!" ಉಜ್ಜಿಸಿಯೂ ನೋಡಿದರು, ಹೋಯಿತು. ಮತ್ತೊಮ್ಮೆ ಬಂದು ನೋಡಿ ಎಂದು ಏಜೆಂಟ್ ಆ ಚೀನಾ ಕಂಪನಿಯ ಹಿರಿಯ ಮ್ಯಾನೇಜರಿಗೆ ಮೇಲ್ ಹಾಕಿದ. ಉತ್ತರವಿಲ್ಲ. ಮತ್ತೆ ಹಾಕಿದ. ಅದಕ್ಕೂ ಇಲ್ಲ.

ಕೊನೆಗೆ ಯಜಮಾನರು ನನ್ನ ಮೇಜಿನ ಮುಂದೆ ನಿಂತರು. "ಕೂಸೇ, ನೀನ್ ಬರಿ. ಆ ದೊಡ್ಡೋರು ಕುದ್ದಾಗ್ ಬಂದು ನೋಡಂಗ್ ಬರಿ. ಆಗ್ನಿಲ್ವಾ, ಇನ್ಮೇಕೆ ಎಲ್ಲಾನೂ ಏಜೆಂಟ್ಗೇ ಒಪ್ಸ್‌ಬುಡ್ತೀನಿ. ನೀನು ಬ್ಯಾರೆ ಕೆಲ್ಸ ನೋಡ್ಕೊ." ಮುಖಕ್ಕೆ ಹೊಡೆದ ಹಾಗೆ ಹೇಳಿದರು. "ಬರೀತೀನಿ ಬುಡಿ ಯಜಮಾನ್ರೇ, ಅದೇನ್ ಮಹಾ" ಅಂದುಬಿಟ್ಟೆ.

ಏಜೆಂಟನ ಹಳೆಯ ಮೇಲ್ ತೆರೆದು ನೋಡಿದರೆ ಮೈ ಉರಿದುಹೋಯಿತು. ಚೀನಿಯರಲ್ಲಿ ಮನೆತನದ ಹೆಸರು ಮೊದಲು, ಅದರ ಹಿಂದೆ ಹುದ್ದೆ. ದೊಡ್ಡವರನ್ನು ಹಾಗೆಯೇ ಕರೆಯಬೇಕು. ಈ ಮಹಾರಾಯ ಮನೆತನವನ್ನೂ ಹುದ್ದೆಯನ್ನೂ ಬಿಟ್ಟು, ಅವರಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಮಿಸ್ಟರ್ ಅಂತ ಕೂಗಿದ್ದ. ಕೊನೆಗೆ ಥ್ಯಾಂಕ್ಸ್ ಅಂತ ಒಂದು ಪದ ಒಗೆದು ಎದ್ದು ಹೋಗಿದ್ದ.

ನಾನು ಬರೆಯಲು ಕೂತೆ. ಯಜಮಾನರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಚೀನೀ ಅಕ್ಷರ ಒಂದೂ ಗೊತ್ತಿಲ್ಲದಿದ್ದರೂ ಪ್ರತಿ ಸಾಲಿಗೂ ಅರ್ಥ ಹೇಳಬೇಕಿತ್ತು. ಮೊದಲ ಸಾಲಿನಲ್ಲಿ, ಎಡ ಅಂಚಿಗೆ ಹತ್ತಿಸಿ, 'ಗೌರವಾನ್ವಿತ' ಎಂಬರ್ಥದ ಪದ, ಮನೆತನದ ಹೆಸರು, ಅದಕ್ಕಂಟಿಕೊಂಡಂತೆ 'ಝೋಂಗ್', ಕೊನೆಗೆ ಎರಡು ಚುಕ್ಕಿ. ಝೋಂಗ್ ಅಂದರೆ ಜನರಲ್ ಮ್ಯಾನೇಜರಿನಂಥ ದೊಡ್ಡವರನ್ನು ಕರೆಯುವ ಮರ್ಯಾದೆಯ ಮಾತು. ಕೆಳಗಿನ ಸಾಲಿನಲ್ಲಿ ಎರಡು ಅಕ್ಷರದಷ್ಟು ಜಾಗ ಬಿಟ್ಟು ನಮಸ್ಕಾರ, ಅದೂ 'ನೀವು' ಅನ್ನುವ ಗೌರವದ ರೂಪದಲ್ಲಿ.

ಯಜಮಾನರು ಆ ಮ್ಯಾನೇಜರರ ವಿಸಿಟಿಂಗ್ ಕಾರ್ಡು ತೆಗೆದು ಬೆರಳಿಟ್ಟರು. "ಇಲ್ ಡೆಪ್ಟಿ ಅಂತ ಅದೆಯಲ್ಲ, ನೀನ್ ಬರ್ದಿದ್ದೀಯಾ?"

"ಇಲ್ಲ. ಬೇಕಂತ್ಲೇ ಬುಟ್ಟೆ."

"ಕಾರ್ಡಲ್ಲಿ ಇರಾದ ಬುಟ್ರೆ ಅವ್ರ್ಗೆ ಅವಮಾನ ಆಗಕಿಲ್ವಾ?"

"ಯಜಮಾನ್ರೇ, ಟೇಸನ್ನಿಂದ ಎಎಸ್ಐ ಬಂದ್ರೆ ನೀವೇನಂತ ಕರೀತೀರಿ?"

"ಬನ್ನಿ ಇನ್ಸ್‌ಪೆಕ್ಟ್ರೇ ಅಂತೀನಿ."

"ಬನ್ನಿ ಅಸಿಸ್ಟೆಂಟೇ ಅಂತ ಯಾಕನ್ನಲ್ಲ?"

ಯಜಮಾನರು ಹೊಟ್ಟೆ ಕುಣಿಯುವಂತೆ ನಕ್ಕರು. ಆ ಡೆಪ್ಟಿಯವರ ಮೇಲಿನ ಜನರಲ್ ಮ್ಯಾನೇಜರೂ ಅದೇ ಮೇಲ್‌ನಲ್ಲಿ ಇದ್ದಿದ್ದರೆ ಮಾತು ಬೇರೆಯಿತ್ತು. ಒಬ್ಬರಿಗೇ ಬರೆಯುವಾಗ 'ಉಪ' ಅನ್ನುವುದನ್ನು ನುಂಗಿಕೊಳ್ಳುವುದೇ ಮರ್ಯಾದೆ, ಅಲ್ಲಿಯೂ ಇಲ್ಲಿಯೂ.

ನಡುವಿನ ವಿಷಯದಲ್ಲಿ ಇನ್ಸ್‌ಪೆಕ್ಟರನ ಮೇಲೆ ಒಂದು ದೂರೂ ಹೇಳಲಿಲ್ಲ. ಉಜ್ಜಿದ ಮೇಲಿನ ಫೋಟೋಗಳನ್ನು ಲಗತ್ತಿಸಿ, ನಮ್ಮ ಕ್ವಾರಿಗೆ ದಯಮಾಡಿಸಿ ಮಾರ್ಗದರ್ಶನ ನೀಡಬೇಕು ಎಂದಷ್ಟೇ ಬರೆದೆ. ದೊಡ್ಡವರನ್ನು ಕರೆಯುವಾಗ ಚೀನಿಯರು ಬಳಸುವ ಮಾತೇ ಅದು. ಕೊನೆಯ ಹಾರೈಕೆಯನ್ನು ಎರಡಾಗಿ ಮುರಿದೆ. 'ಜೊತೆಗೆ ಹಾರೈಸುತ್ತೇನೆ' ಅನ್ನುವುದು ಜಾಗ ಬಿಟ್ಟು ಒಂದು ಸಾಲಿನಲ್ಲಿ, 'ವ್ಯವಹಾರಕ್ಕೆ ಶುಭ' ಅನ್ನುವುದು ಕೆಳಗಿನ ಸಾಲಿನ ಎಡ ಅಂಚಿಗೇ ಹತ್ತಿಸಿ. ಅವರಿಗೆ ಸೇರಬೇಕಾದ ಶುಭವನ್ನು ಹಿಂದೆ ಸರಿಸಬಾರದು ಅಂತ.

ಇನ್ನು ಉಳಿದದ್ದು ಬಲಗಡೆಯ ಸಹಿ, ಅದರ ಕೆಳಗೆ ತಾರೀಖು. ಜಗಳ ಶುರುವಾದದ್ದು ಅಲ್ಲಿಯೇ.

"ಏನ್ ಬರ್ದೆ?"

"ನಿಮ್ಮ ಕಂಪ್ನಿ ಎಸ್ರು, ನಿಮ್ಮೆಸ್ರು. ಅದ್ರ ಹಿಂದೆ, ಗೌರವದಿಂದ ಒಪ್ಪಿಸಿದೀನಿ ಅಂತ."

"ಶ್ರೀ ಎಲ್ಲಿ? ಅವ್ರ್ಗೆ ಹಾಕ್ದೆಯಲ್ಲ ಜೋಂಗು, ಅದ ನಂಗೂ ಆಕು."

"ಆಕಕ್ಕಾಗಲ್ಲ ಯಜಮಾನ್ರೇ. ಆ ಮಾತು ಬೇರೆಯೋರು ಕೊಡ್ಬೇಕು. ನಾವೇ ಆಕ್ಕಂಡ್ರೆ ನಗ್ತಾರೆ."

ಯಜಮಾನರ ಮುಖ ಕಪ್ಪಿಟ್ಟಿತು. ಅವರ ಲೆಟರ್‌ಹೆಡ್ಡು, ಆಫೀಸಿನ ಬೋರ್ಡು, ಮಗಳ ಮದುವೆಯ ಕಾರ್ಡು, ಯಾವುದರಲ್ಲೂ ಅವರ ಹೆಸರು ಶ್ರೀ ಇಲ್ಲದೆ ಹೊರಗೆ ಕಾಲಿಟ್ಟದ್ದಿಲ್ಲ. "ನಮ್ಮಪ್ಪನ್ ಕಾಲದಿಂದ ಅದೆ ಅದು! ಬೋಳು ಬೋಳಾಗಿ ಕಾಣ್ತದಲ್ಲಾ ಕೂಸೇ. ಆಳ್‌ ಮಕ್ಳು ಬರ್ದಂಗದೆ" ಎಂದು ಮೇಜು ಗುದ್ದಿದರು.

ನನಗೂ ಸಿಟ್ಟು ಬಂತು. "ನನ್ ಕೆಲ್ಸಾನ ಪಣಕ್ಕಿಟ್ಟಿರೋರು ನೀವು. ಓಗಾದು ನನ್ ಕುರ್ಚಿ, ನಿಮ್ಮ ಶ್ರೀ ಅಲ್ಲ. ಇಂಗೇ ಓಗ್ಲಿ, ಇಲ್ದಿದ್ರೆ ಏಜೆಂಟ್ಗೇ ಏಳಿ" ಅಂದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಆಮೇಲೆ, "ಕಳ್ಸು, ಅದೇನಾಯ್ತದೋ ಆಗ್ಲಿ" ಎಂದು ಎದ್ದು ಕ್ವಾರಿಗೆ ಹೊರಟುಹೋದರು.

ಮಾರನೆಯ ದಿನ ನಾನು ಬಸ್ಸಿಳಿದು ಆಫೀಸಿಗೆ ಬರುವಷ್ಟರಲ್ಲಿ ಉತ್ತರ ಬಂದಿತ್ತು. ಯಜಮಾನರನ್ನು ಕರೆದೆ. ಕನ್ನಡಕ ಏರಿಸಿ ಬಗ್ಗಿದರು.

"ಯಾವ್ದು ನಾನು?"

ತೋರಿಸಿದೆ. ಎಡ ಅಂಚಿನಲ್ಲೇ 'ಗೌರವಾನ್ವಿತ', ಅದರ ಪಕ್ಕ ಅವರ ಹೆಸರು, ಹಿಂದೆಯೇ ಝೋಂಗ್. ಯಜಮಾನರು ಆ ಅಕ್ಷರದ ಮೇಲೆ ಬೆರಳಾಡಿಸಿದರು. ಆ ಹಿರಿಯರು ಮುಂದಿನ ವಾರ ಇನ್ಸ್‌ಪೆಕ್ಟರನನ್ನೂ ಕರೆದುಕೊಂಡು ಖುದ್ದಾಗಿ ಬರುವುದಾಗಿ ಬರೆದಿದ್ದರು. ಕೆಳಗೆ ಬಲಗಡೆ ಅವರ ಹೆಸರಷ್ಟೇ ಇತ್ತು.

"ಇವ್ರೂ ಬೋಳೇ ಬರ್ಕಂಡವ್ರೆ" ಅಂದರು ಯಜಮಾನರು, ಮೆಲ್ಲಗೆ.

ಅಷ್ಟರಲ್ಲಿ ಏಜೆಂಟನ ಫೋನು. ಯಜಮಾನರು ಕಿವಿಗೆ ಹಿಡಿಯುವವರಲ್ಲ, ಸ್ಪೀಕರಿನಲ್ಲೇ ಮಾತು. ಅವನಿಗೆ ಸುದ್ದಿ ಮುಟ್ಟಿತ್ತು. "ಸಾರ್, ಅವರು ಬರೋದು ಒಳ್ಳೇದಾಯ್ತು. ಇನ್ಮೇಲೆ ಮೇಲ್ ಎಲ್ಲ ನಾನೇ ನೋಡ್ಕೊತೀನಿ. ಆ ಹುಡುಗಿಗೆ ಯಾಕೆ ಸುಮ್ನೆ..."

"ತಾಳಪ್ಪ" ಅಂದರು ಯಜಮಾನರು. "ನಮ್ ಮೇಡಮ್ಮೋರು ಇಲ್ಲೇ ಕುಂತವ್ರೆ. ಅವರ ಕೇಳಿ ಏಳ್ತೀನಿ."

ಮೇಡಮ್ಮೋರು ಯಾರು ಎಂದು ನಾನು ಒಂದು ಕ್ಷಣ ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.